ಔಷಧ ಕೌಂಟರಿನಿಂದ: ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ

ಪ್ರತಿ ವರ್ಷ ಈ ಅಂಕಣದಲ್ಲಿ ಮಾತ್ರೆ, ಇನ್ಸುಲಿನ್, ಊರಿಂದ ತರುವ ಔಷಧಿಯ ಚೀಟಿ ಎಂದೆಲ್ಲ ಬರೆಯುತ್ತಿದ್ದೆ. ಈ ಸಲ ಒಂದು ಪತ್ರದ ಬಗ್ಗೆ ಬರೆಯುತ್ತೇನೆ. ದೊಡ್ಡ ಆಪರೇಷನ್ ಆದ ಮೇಲೆ ಕೆಲಸಕ್ಕೆ ಮರಳುವಾಗ ಆಫೀಸಿಗೆ ಕೊಡಬೇಕಾದ ಪತ್ರ. ನಾನು ಅದನ್ನು ಕಲಿತದ್ದು ಇಲ್ಲಿ ಅಲ್ಲ, ಐರ್ಲೆಂಡಿನಲ್ಲಿರುವ ನನ್ನ ಡಿ.ಫಾರ್ಮಾ ಸಹಪಾಠಿಯಿಂದ.

ನಾವಿಬ್ಬರೂ ಮಂಗಳೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಗಲ್ಫಿಗೆ ಬಂದೆ. ಅವನ ಹೆಂಡತಿ ನರ್ಸ್, ಆಕೆಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು, ಅವನೂ ಹಿಂದಿನಿಂದ ಹೋದ. ಅಲ್ಲಿ ನಮ್ಮ ಡಿಪ್ಲೊಮಾದ ಮೇಲೆ ಫಾರ್ಮಸಿಸ್ಟ್ ಎಂದು ನೋಂದಣಿ ಆಗುವುದಿಲ್ಲ. ಹಾಗಾಗಿ ಕಾರ್ಕ್ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಟೆಕ್ನಿಶಿಯನ್ ಆಗಿದ್ದಾನೆ. ವಾರಕ್ಕೆ ಮೂವತ್ತೇಳೂವರೆ ಗಂಟೆ ಕೆಲಸ. ವಾರ್ಡುಗಳಿಗೆ ಔಷಧಿ ತುಂಬಿಸುವುದು, ಬಂದ ಸ್ಟಾಕ್ ಇಳಿಸಿಕೊಳ್ಳುವುದು, ಡಿಸ್ಪೆನ್ಸರಿಯಲ್ಲಿ ನಿಂತು ಚೀಟಿ ನೋಡಿ ಔಷಧಿ ಜೋಡಿಸುವುದು, ವಾರಕ್ಕೊಂದು ತಡ ಶಿಫ್ಟ್.

2025ರ ಜೂನ್ 3ರಂದು ಅವನಿಗೆ ಬೈಪಾಸ್ ಆಯಿತು. ವಯಸ್ಸು ನಲವತ್ತಾರು. ಎದೆಮೂಳೆಯನ್ನು ನಡುವೆ ಸೀಳಿ, ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಕೂಡಿಸಿ, ಮೂಳೆಯನ್ನು ಮತ್ತೆ ತಂತಿ ಹಾಕಿ ಬಿಗಿಯುವ ಆಪರೇಷನ್. ಹೊರಗಿನ ಗಾಯ ಎರಡು ಮೂರು ವಾರಕ್ಕೆ ಒಣಗಿದ ಹಾಗೆ ಕಾಣುತ್ತದೆ. ಒಳಗೆ ಮೂಳೆ ಗಟ್ಟಿಯಾಗಲು ಸುಮಾರು ಹನ್ನೆರಡು ವಾರ ಬೇಕು. ಶರ್ಟಿನ ಗುಂಡಿ ಹಾಕಿಕೊಂಡು ನಡೆದಾಡುವ ಮನುಷ್ಯನನ್ನು ನೋಡಿ ಎಲ್ಲರೂ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಅವನು ಆಗ ಒಂದು ಬಕೆಟ್ ನೀರು ಎತ್ತುವ ಹಾಗಿರುವುದಿಲ್ಲ.

ಜುಲೈ ಕೊನೆಯಲ್ಲಿ ಒಂದು ರಾತ್ರಿ ಫೋನ್ ಬಂತು. ಇಲ್ಲಿ ಹನ್ನೊಂದು ಗಂಟೆ, ಅಲ್ಲಿ ಎಂಟು.

"ಎಂತ ಮಾಡುದು ಮಾರಾಯ, ಪೂರ್ತಿ ಗುಣ ಆದ ಮೇಲೆ ಬಾ, ಅಲ್ಲಿವರೆಗೆ ಬರಬೇಡ ಅಂತ ಉತ್ತರ ಕೊಟ್ಟಿದ್ದಾರೆ" ಅಂದ.

"ನೀನು ಎಂತ ಬರೆದಿದ್ದೆ, ಅದನ್ನು ಮೊದಲು ಕಳಿಸು" ಅಂದೆ.

ಕಳಿಸಿದ. ಐದು ಸಾಲು. ಆಪರೇಷನ್ ಆಗಿದೆ, ಇನ್ನೂ ಪೂರ್ತಿ ಹುಷಾರಾಗಿಲ್ಲ, ಮನೆಯಲ್ಲಿ ತೊಂದರೆ ಇದೆ, ದಯವಿಟ್ಟು ಕೆಲವು ದಿನ ಹಗುರ ಕೆಲಸ ಕೊಡಬೇಕು, ತಮ್ಮ ಉಪಕಾರ ಮರೆಯುವುದಿಲ್ಲ. ನಮ್ಮಲ್ಲಿ ಯಾರು ಬರೆದರೂ ಹೀಗೇ ಬರೆಯುತ್ತಾರೆ. ನಾನಾದರೂ ಹೀಗೇ ಬರೆಯುತ್ತಿದ್ದೆ.

ಆ ಪತ್ರವನ್ನು ಮ್ಯಾನೇಜರನ ಜಾಗದಲ್ಲಿ ಕೂತು ಓದಿ ನೋಡಿ. ಪೂರ್ತಿ ಹುಷಾರಾಗಿಲ್ಲ ಎಂದು ಅವನೇ ಬರೆದುಕೊಟ್ಟಿದ್ದಾನೆ. ಹಗುರ ಕೆಲಸ ಎಂದರೆ ಯಾವುದು ಎಂದು ಹೇಳಿಲ್ಲ. ಕೆಲವು ದಿನ ಎಂದರೆ ಎಷ್ಟು ಎಂದು ಹೇಳಿಲ್ಲ. ನಾಳೆ ಫಾರ್ಮಸಿಯಲ್ಲಿ ಎದೆ ಹಿಡಿದುಕೊಂಡು ಕುಸಿದರೆ ಜವಾಬ್ದಾರಿ ಯಾರದ್ದು? ಮನೆಯಲ್ಲೇ ಇರಿ ಎಂದು ಬರೆಯುವುದು ಅವರಿಗೆ ಸುಲಭ. ಅವರನ್ನು ಕಲ್ಲುಮನಸ್ಸಿನವರು ಎನ್ನಲಾರೆ. ಆ ಕಾಗದ ಅವರಿಗೆ ಬೇರೆ ದಾರಿ ಕೊಟ್ಟಿರಲಿಲ್ಲ.

ಆದರೆ ಪೂರ್ತಿ ಗುಣವಾಗಿ ಬಾ ಎನ್ನುವ ಉತ್ತರ ಐರ್ಲೆಂಡಿನಲ್ಲಿ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಅದು ನಮಗೆ ಗೊತ್ತಾದದ್ದು ಅಲ್ಲಿನ ಕೆರಿ ಜಿಲ್ಲೆಯ ಕಿಲಾರ್ನಿ ಊರಿನ ಒಂದು ಪ್ರಕರಣದಿಂದ. ಅಂಗವಿಕಲ ಮಕ್ಕಳ ನ್ಯಾನೊ ನೇಗಲ್ ಶಾಲೆಯಲ್ಲಿ ಮೇರಿ ಡೇಲಿ ಎಂಬಾಕೆ ಮಕ್ಕಳ ಸಹಾಯಕಿಯಾಗಿದ್ದರು. 2010ರಲ್ಲಿ ರಸ್ತೆ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಗಾಲಿಕುರ್ಚಿ ಬಂತು. ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಬರುತ್ತೇನೆ ಎಂದರು. ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಬಂದು ಆ ಹುದ್ದೆಯ ಕೆಲಸಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಒಟ್ಟು 16 ಕೆಲಸ. ಅದರಲ್ಲಿ 9 ಈಕೆಯಿಂದ ಆಗುತ್ತದೆ, ಉಳಿದದ್ದು ಆಗುವುದಿಲ್ಲ. ಆ 9ನ್ನು ಮಾಡಿಕೊಂಡು ಒಂದು ತರಗತಿಯಿಂದ ಇನ್ನೊಂದಕ್ಕೆ ಓಡಾಡುವ ಸಹಾಯಕಿಯಾಗಿ ಇರಬಹುದು ಎಂಬ ಸಲಹೆಯೂ ಬಂತು. ಶಾಲೆ ಒಪ್ಪಲಿಲ್ಲ.

ಪ್ರಕರಣ ವರ್ಷಗಟ್ಟಲೆ ನಡೆಯಿತು. 2014ರಲ್ಲಿ ಅಲ್ಲಿನ ಲೇಬರ್ ಕೋರ್ಟ್ ಆಕೆಗೆ 40,000 ಯೂರೊ ಪರಿಹಾರ ಕೊಟ್ಟಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2019ರ ಜುಲೈ 31ರಂದು ಸುಪ್ರೀಂ ಕೋರ್ಟ್ ಮತ್ತೆ ತಿರುಗಿಸಿತು. ತೀರ್ಪಿನಿಂದ ನಮಗೆ ಬೇಕಾದ ಮಾತು ಇಷ್ಟು. 1998ರ ಉದ್ಯೋಗ ಸಮಾನತೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಕೆಲಸಗಾರನಿಗೆ ಆಗದ ಕೆಲಸವನ್ನು ಬೇರೆಯವರಿಗೆ ಹಂಚಿ, ಕೆಲಸದ ಗಂಟೆ ಬದಲಿಸಿ ಅವನನ್ನು ಉಳಿಸಿಕೊಳ್ಳಲು ಸಾಧ್ಯವೇ ಎಂದು ಮಾಲೀಕ ನಿಜವಾಗಿ ಯೋಚಿಸಬೇಕು. ಆ ಹೊರೆ ಸಂಸ್ಥೆಗೆ ಮಿತಿಮೀರಿದರೆ ಬಿಡಬಹುದು. ಪೂರ್ತಿ ಬೇರೆಯೇ ಆದ ಹೊಸ ಹುದ್ದೆ ಸೃಷ್ಟಿಸಿ ಕೊಡಬೇಕಾಗಿಲ್ಲ. ಆದರೆ ಯೋಚಿಸದೆಯೇ ಆಗುವುದಿಲ್ಲ ಎನ್ನುವ ಹಾಗಿಲ್ಲ. ಹೃದಯದ ಕಾಯಿಲೆ ಆ ಕಾಯ್ದೆಯ ವ್ಯಾಖ್ಯಾನದೊಳಗೆ ಬರುತ್ತದೆ, ಏಕೆಂದರೆ ಅಲ್ಲಿ ದೇಹದ ಯಾವುದೇ ಭಾಗ ಸರಿಯಾಗಿ ಕೆಲಸ ಮಾಡದಿರುವುದನ್ನೂ ಅಂಗವೈಕಲ್ಯ ಎಂದೇ ಲೆಕ್ಕ ಹಾಕುತ್ತಾರೆ.

ಇದನ್ನು ಓದಿ ನನ್ನ ಗೆಳೆಯ ವಕೀಲರ ನೋಟಿಸ್ ಕಳಿಸುತ್ತೇನೆ ಎಂದು ಹೊರಟ. ನಾನು ಬೇಡ ಅಂದೆ. ಕಾನೂನು ಬೆನ್ನಿಗಿದೆ ಎಂದು ಗೊತ್ತಿದ್ದರೆ ಸಾಕು, ಪತ್ರದಲ್ಲಿ ಅದನ್ನು ಝಳಪಿಸಬೇಕಾಗಿಲ್ಲ. ಆ ಪ್ರಕರಣದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಥೆರಪಿಸ್ಟ್ ಮಾಡಿದ ಪಟ್ಟಿ. ಹುದ್ದೆ ಒಂದು ಇಡಿಯಾದ ಬಂಡೆ ಅಲ್ಲ, ಹದಿನಾರು ಕಲ್ಲುಗಳ ರಾಶಿ. ಯಾವ ಕಲ್ಲು ಎತ್ತಬಲ್ಲೆ, ಯಾವುದು ಆಗದು ಎಂದು ಹೇಳಿದರೆ ಮಾತುಕತೆ ಶುರುವಾಗುತ್ತದೆ.

ಅವತ್ತು ರಾತ್ರಿ ಫೋನಿನಲ್ಲೇ ಅವನ ಕೆಲಸದ ಪಟ್ಟಿ ಮಾಡಿದೆವು. ಇಬ್ಬರದ್ದೂ ಒಂದೇ ಕಸುಬಾದ್ದರಿಂದ ನನಗೆ ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಒಂದು ಲೀಟರಿನ ಸಲೈನ್ ಚೀಲ ಹತ್ತು ಇರುವ ಒಂದು ಪೆಟ್ಟಿಗೆ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ನೆಲದಿಂದ ಎತ್ತಲು ಎರಡೂ ಕೈ ಮುಂದಕ್ಕೆ ಚಾಚಬೇಕು, ಆ ಎಳೆತ ನೇರ ಎದೆಮೂಳೆಯ ಮೇಲೆ ಬೀಳುತ್ತದೆ. ತುಂಬಿದ ವಾರ್ಡ್ ಟ್ರಾಲಿ ತಳ್ಳುವುದೂ ಹಾಗೇ. ಮೇಲಿನ ಕಪಾಟಿಗೆ ಸಣ್ಣ ಏಣಿ ಹತ್ತುವುದು ಬೇಡ, ಯಾಕೆಂದರೆ ಅವನು ಬೈಸೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದಾನೆ. ಅದು ನಾಡಿಬಡಿತ ಇಳಿಸುವ ಮಾತ್ರೆ, ಬಗ್ಗಿ ಎದ್ದಾಗ ಕೆಲವರಿಗೆ ತಲೆ ಸುತ್ತುತ್ತದೆ. ತಡ ಶಿಫ್ಟಿನಲ್ಲಿ ಒಬ್ಬನೇ ಇರಬೇಕಾಗುತ್ತದೆ, ಅದೂ ಸದ್ಯಕ್ಕೆ ಬೇಡ. ಇನ್ನೊಂದನ್ನು ಅವನೇ ಹಿಂಜರಿಯುತ್ತ ಹೇಳಿದ.

"ಪೇಪರ್ ಓದಿದರೆ ಒಂದು ಪುಟ ಆಗುವಷ್ಟರಲ್ಲಿ ಮೊದಲಿನದ್ದು ಮರೆತು ಹೋಗ್ತದೆ ಮಾರಾಯ."

ಬೈಪಾಸಿನ ನಂತರ ಕೆಲವು ವಾರ ಹಲವರಿಗೆ ಏಕಾಗ್ರತೆ ಹೀಗೆ ಕುಗ್ಗುತ್ತದೆ, ಮೆಲ್ಲಗೆ ಸರಿಹೋಗುತ್ತದೆ. ಔಷಧಿ ಜೋಡಿಸುವ ಕೆಲಸದವನು ಇದನ್ನು ಮುಚ್ಚಿಡಬಾರದು. ಹತ್ತು ಮಿಲಿಗ್ರಾಂ ಕೇಳಿದ ಕಡೆ ನೂರರದ್ದು ಹೋದರೆ ಅನುಭವಿಸುವವನು ರೋಗಿ. ಹಾಗಾಗಿ ಅದಕ್ಕೂ ಪಟ್ಟಿಯಲ್ಲಿ ಜಾಗ ಮಾಡಿದೆವು.

ಆಗುವ ಕೆಲಸವೂ ಕಡಿಮೆ ಇರಲಿಲ್ಲ. ಕೂತು ಮಾಡುವ ಪ್ಯಾಕಿಂಗ್, ಲೇಬಲ್, ಅವಧಿ ಮುಗಿದ ಔಷಧಿ ಹುಡುಕಿ ತೆಗೆಯುವುದು, ವಾರ್ಡಿನ ಬೇಡಿಕೆಯನ್ನು ಕಂಪ್ಯೂಟರಿಗೆ ಹಾಕುವುದು, ಸರಬರಾಜುದಾರರಿಗೆ ಫೋನ್. ಇವೆಲ್ಲ ಯಾರಾದರೂ ಮಾಡಲೇಬೇಕಾದವು, ಅವನಿಲ್ಲದಾಗ ಹಿಂದೆ ಬಿದ್ದವು.

ಗಂಟೆಗಳ ಲೆಕ್ಕಕ್ಕೆ ಅವನ ಕಾರ್ಡಿಯಾಕ್ ರಿಹ್ಯಾಬ್ ದಿನಗಳೇ ಆಧಾರವಾದವು. ಮಂಗಳವಾರ, ಗುರುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ವ್ಯಾಯಾಮದ ತರಗತಿ, ಸೆಪ್ಟೆಂಬರ್ 12ಕ್ಕೆ ಮುಗಿಯುತ್ತದೆ. ಅದನ್ನು ತಪ್ಪಿಸಿ ಕೆಲಸಕ್ಕೆ ಹೋಗುವುದು ಬೀಜದ ಭತ್ತ ಕುಟ್ಟಿ ಊಟ ಮಾಡಿದ ಹಾಗೆ. ಆದ್ದರಿಂದ ಮೊದಲು ಸೋಮ, ಬುಧ, ಶುಕ್ರ. ನಡುವೆ ಒಂದೊಂದು ದಿನದ ಬಿಡುವು ತಾನಾಗಿಯೇ ಸಿಕ್ಕಿತು.

ಕೊನೆಗೆ ಹೋದ ಪತ್ರ ಇಂಗ್ಲಿಷಿನಲ್ಲಿತ್ತು. ಹೆಸರು ಬಿಟ್ಟು, ಅವನ ಒಪ್ಪಿಗೆ ಪಡೆದು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ದಿನಾಂಕ 5 ಆಗಸ್ಟ್ 2025. ಮಾನ್ಯರೇ, ಜೂನ್ 3ರಂದು ನನಗೆ ಹೃದಯದ ಶಸ್ತ್ರಚಿಕಿತ್ಸೆ ಆಗಿ ಅಂದಿನಿಂದ ವೈದ್ಯಕೀಯ ರಜೆಯಲ್ಲಿದ್ದೇನೆ. ಆಗಸ್ಟ್ 18, ಸೋಮವಾರದಿಂದ ಹಂತ ಹಂತವಾಗಿ ಕೆಲಸಕ್ಕೆ ಮರಳಬಹುದು ಎಂದು ನನ್ನ ವೈದ್ಯರು ಒಪ್ಪಿದ್ದಾರೆ. ಅವರ ಪತ್ರ ಲಗತ್ತಿಸಿದೆ. ಸೆಪ್ಟೆಂಬರ್ 29ರಿಂದ ಪೂರ್ಣ ಅವಧಿಗೆ ಮರಳುವ ಉದ್ದೇಶದಿಂದ ಕೆಳಗಿನ ಯೋಜನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲ ಎರಡು ವಾರ, ಸೋಮ, ಬುಧ, ಶುಕ್ರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ, ವಾರಕ್ಕೆ 12 ಗಂಟೆ. ಕೂತು ಮಾಡುವ ಪ್ಯಾಕಿಂಗ್, ಅವಧಿ ಪರಿಶೀಲನೆ, ವಾರ್ಡ್ ಬೇಡಿಕೆಯ ದಾಖಲು ನನ್ನಿಂದ ಆಗುತ್ತದೆ. ಈ ಎರಡು ವಾರ ರೋಗಿಗಳ ಚೀಟಿ ನೋಡಿ ಔಷಧಿ ಜೋಡಿಸುವ ಕೆಲಸದಿಂದ ಹೊರಗಿಡಲು ಕೋರುತ್ತೇನೆ.

ಮೂರು ಮತ್ತು ನಾಲ್ಕನೇ ವಾರ, ಸೋಮ, ಮಂಗಳ, ಬುಧ, ಶುಕ್ರ, ದಿನಕ್ಕೆ 5 ಗಂಟೆ, ವಾರಕ್ಕೆ 20 ಗಂಟೆ. ಮಂಗಳವಾರ ಮಾತ್ರ ಮಧ್ಯಾಹ್ನ 12ರಿಂದ. ಔಷಧಿ ಜೋಡಿಸುವುದನ್ನು ಮತ್ತೆ ಶುರುಮಾಡುತ್ತೇನೆ. ಎಂದಿನಂತೆ ಫಾರ್ಮಸಿಸ್ಟ್ ಪರಿಶೀಲಿಸಿದ ಮೇಲೆಯೇ ಅವು ಹೊರಹೋಗುತ್ತವೆ.

ಐದು ಮತ್ತು ಆರನೇ ವಾರ, ಐದೂ ದಿನ 6 ಗಂಟೆ, ವಾರಕ್ಕೆ 30 ಗಂಟೆ. ವಾರ್ಡುಗಳಿಗೆ ಹೋಗುತ್ತೇನೆ, ಅರ್ಧ ತುಂಬಿದ ಟ್ರಾಲಿಯೊಂದಿಗೆ.

ಆಗಸ್ಟ್ 29ರವರೆಗೆ 5 ಕಿಲೋಗಿಂತ, ಆಮೇಲೆ ವೈದ್ಯರು ಒಪ್ಪಿದರೆ ಸೆಪ್ಟೆಂಬರ್ 26ರವರೆಗೆ 10 ಕಿಲೋಗಿಂತ ಹೆಚ್ಚು ಭಾರ ಎತ್ತಲಾರೆ. ಈ ಆರು ವಾರ ಸಲೈನ್ ಪೆಟ್ಟಿಗೆ ಇಳಿಸುವುದು, ಏಣಿ ಹತ್ತುವುದು, ತಡ ಶಿಫ್ಟ್ ನನ್ನಿಂದ ಆಗುವುದಿಲ್ಲ. ತಡ ಶಿಫ್ಟ್ ಬದಲಿಸಿಕೊಳ್ಳಲು ಇಬ್ಬರು ಸಹೋದ್ಯೋಗಿಗಳು ಒಪ್ಪಿದ್ದಾರೆ.

ಆಗಸ್ಟ್ 29, ಸೆಪ್ಟೆಂಬರ್ 12 ಮತ್ತು 26ರಂದು ಹದಿನೈದು ನಿಮಿಷ ಕೂತು ಪರಾಮರ್ಶಿಸೋಣ. ಯಾವುದಾದರೂ ಹಂತ ಹೆಚ್ಚಾಯಿತು ಎಂದು ಕಂಡರೆ ಒಂದು ಹಂತ ಹಿಂದಕ್ಕೆ ಹೋಗಲು ಅವಕಾಶವಿರಲಿ. ಮೊದಲ ಎರಡು ವಾರದ ಕೊರತೆಯ ಗಂಟೆಗಳನ್ನು ನನ್ನ ವಾರ್ಷಿಕ ರಜೆಯಿಂದ ತೆಗೆದುಕೊಳ್ಳಲು, ಉಳಿದವನ್ನು ಸಂಬಳವಿಲ್ಲದ ಗಂಟೆಗಳೆಂದು ಪರಿಗಣಿಸಲು ಒಪ್ಪುತ್ತೇನೆ. ವೈದ್ಯಕೀಯ ವಿವರ ಬೇಕಾದರೆ ಸಂಸ್ಥೆಯ ಆಕ್ಯುಪೇಷನಲ್ ಹೆಲ್ತ್ ವೈದ್ಯರನ್ನು ಕಾಣಲು ಸಿದ್ಧನಿದ್ದೇನೆ. ಆಗಸ್ಟ್ 12ರೊಳಗೆ ಉತ್ತರ ಸಿಕ್ಕರೆ ಸಿದ್ಧತೆಗೆ ಅನುಕೂಲ."

ಇಷ್ಟೇ. ದಯವಿಟ್ಟು ಎಂಬ ಪದ ಎಲ್ಲೂ ಇಲ್ಲ, ಮರ್ಯಾದೆಯೂ ತಪ್ಪಿಲ್ಲ. ಮಾತ್ರೆಗಳ ಹೆಸರು ಇಲ್ಲ, ಎಷ್ಟು ರಕ್ತನಾಳ ಕಟ್ಟಿತ್ತು ಎಂಬುದಿಲ್ಲ. ಮ್ಯಾನೇಜರಿಗೆ ಬೇಕಾದದ್ದು ಏನು ಆಗುತ್ತದೆ, ಏನು ಆಗುವುದಿಲ್ಲ, ಎಲ್ಲಿಯವರೆಗೆ ಎಂಬುದು ಮಾತ್ರ. ರೋಗದ ವಿವರ ವೈದ್ಯರ ನಡುವೆ ಉಳಿಯಲಿ. ನಮ್ಮವರು ಡಿಸ್ಚಾರ್ಜ್ ಸಮ್ಮರಿಯನ್ನೇ ಜೆರಾಕ್ಸ್ ಮಾಡಿ ಎಚ್.ಆರ್. ಮೇಜಿನ ಮೇಲೆ ಇಡುತ್ತಾರೆ, ಮರುದಿನ ಕ್ಯಾಂಟೀನಿನಲ್ಲೆಲ್ಲ ಅದೇ ಮಾತು.

ವೈದ್ಯರ ಪತ್ರದ ಬಗ್ಗೆ ಒಂದು ಮಾತು. ಅವನ ವೈದ್ಯರು ಮೊದಲು ಹಗುರ ಕೆಲಸಕ್ಕೆ ಯೋಗ್ಯ ಎಂದಷ್ಟೇ ಬರೆದುಕೊಟ್ಟಿದ್ದರು. ಅವನು ತನ್ನ ಕೆಲಸದ ಪಟ್ಟಿಯನ್ನು ತೆಗೆದುಕೊಂಡು ಮತ್ತೆ ಹೋದ. ಸಲೈನ್ ಪೆಟ್ಟಿಗೆ ಎಷ್ಟು ತೂಗುತ್ತದೆ ಎಂದು ವೈದ್ಯರಿಗೆ ಹೇಗೆ ಗೊತ್ತಿರಬೇಕು? ಪಟ್ಟಿ ನೋಡಿ ಐದು ಕಿಲೋ, ಹತ್ತು ಕಿಲೋ, ಏಣಿ ಬೇಡ ಎಂದು ಅವರೇ ಬರೆದರು. ಎರಡು ಕಾಗದದಲ್ಲೂ ಒಂದೇ ಅಂಕಿ ಇದ್ದದ್ದರಿಂದ ಆಸ್ಪತ್ರೆಯವರಿಗೆ ಪ್ರಶ್ನೆ ಕೇಳಲು ಹೆಚ್ಚು ಉಳಿಯಲಿಲ್ಲ.

ಇನ್ನು ಹಣದ ಮಾತು. ಹೆಚ್ಚಿನವರು ಎಡವುವುದು ಇಲ್ಲಿಯೇ, ಅವನೂ ಎಡವುವುದರಲ್ಲಿದ್ದ. ಎಂಟು ವಾರ ಆಸ್ಪತ್ರೆ ಪೂರ್ತಿ ಸಂಬಳ ಕೊಟ್ಟಿತ್ತು. ಆಮೇಲೆ ಸರ್ಕಾರದ ಇಲ್‌ನೆಸ್ ಬೆನಿಫಿಟ್ ಮಾತ್ರ, 2025ರಲ್ಲಿ ಅದು ಒಬ್ಬರಿಗೆ ವಾರಕ್ಕೆ ಹೆಚ್ಚೆಂದರೆ 244 ಯೂರೊ. ಅವನ ಲೆಕ್ಕ ಹೀಗಿತ್ತು: ಮೂರು ದಿನ ಕೆಲಸದ ಸಂಬಳ, ಉಳಿದ ದಿನಗಳಿಗೆ ಬೆನಿಫಿಟ್, ಎರಡೂ ಸೇರಿದರೆ ಮನೆ ನಡೆಯುತ್ತದೆ. ಆದರೆ ಅಲ್ಲಿ ಆ ಬೆನಿಫಿಟ್ ಪಡೆಯುವಾಗ ಕೆಲಸ ಮಾಡುವ ಹಾಗಿಲ್ಲ. ಅರ್ಧ ದಿನ ಹೋದರೂ ಅದು ನಿಲ್ಲಬೇಕು. ಗೊತ್ತಿಲ್ಲದೆ ಎರಡನ್ನೂ ತೆಗೆದುಕೊಂಡರೆ ಆಮೇಲೆ ಹಿಂದಿರುಗಿಸಬೇಕಾಗುತ್ತದೆ. ಕಡಿಮೆ ಸಾಮರ್ಥ್ಯದಲ್ಲಿ ಕೆಲಸ ಮಾಡುವವರಿಗೆಂದೇ ಪಾರ್ಷಿಯಲ್ ಕೆಪ್ಯಾಸಿಟಿ ಬೆನಿಫಿಟ್ ಎಂಬ ಇನ್ನೊಂದು ಯೋಜನೆ 2012ರಿಂದ ಇದೆ. ಅದಕ್ಕೆ ಕನಿಷ್ಠ ಆರು ತಿಂಗಳು ಇಲ್‌ನೆಸ್ ಬೆನಿಫಿಟ್‌ನಲ್ಲಿ ಇದ್ದಿರಬೇಕು, ಕೆಲಸ ಶುರುಮಾಡುವ ಮೊದಲೇ ಒಪ್ಪಿಗೆ ಪಡೆಯಬೇಕು. ಅವನಿಗೆ ಆಪರೇಷನ್ ಆಗಿ ಮೂರು ತಿಂಗಳೂ ಆಗಿರಲಿಲ್ಲ. ಬೇಗ ಗುಣವಾದವನಿಗೆ ಎರಡರ ನಡುವಿನ ಹಳ್ಳವೇ ಗತಿ.

ಆ ಹಳ್ಳಕ್ಕೆ ಹಲಗೆ ಹಾಕಿದ್ದು ವಾರ್ಷಿಕ ರಜೆ. 2015ರ ಆಗಸ್ಟಿನಿಂದ ಐರ್ಲೆಂಡಿನಲ್ಲಿ ವೈದ್ಯರ ಸರ್ಟಿಫಿಕೇಟ್ ಇರುವ ಅನಾರೋಗ್ಯದ ದಿನಗಳಿಗೂ ವಾರ್ಷಿಕ ರಜೆ ಸೇರುತ್ತ ಹೋಗುತ್ತದೆ. ಅವನ ಹನ್ನೊಂದು ವಾರವನ್ನು ಕೆಲಸ ಮಾಡಿದ ಹಾಗೆಯೇ ಲೆಕ್ಕ ಹಾಕಿ, ನೂರಕ್ಕೆ ಎಂಟರಂತೆ 33 ಗಂಟೆ ರಜೆ ಬಂತು. ಊರಿಗೆ ಹೋಗಲೆಂದು ಉಳಿಸಿದ್ದು 42 ಗಂಟೆ ಇತ್ತು. ಒಟ್ಟು 75. ಅವನ ಯೋಜನೆಯಲ್ಲಿ ಮೊದಲ ಎರಡು ವಾರದ ಕೊರತೆ ವಾರಕ್ಕೆ ಇಪ್ಪತ್ತೈದೂವರೆ, ಒಟ್ಟು 51 ಗಂಟೆ. ಅಷ್ಟನ್ನು ರಜೆಯಿಂದ ತುಂಬಿದ. ಹೀಗಾಗಿ ಕೆಲಸಕ್ಕೆ ಹೋದ ಮೊದಲ ಎರಡು ವಾರ ಪೂರ್ತಿ ಸಂಬಳ ಬಂತು. ಆಮೇಲಿನ ನಾಲ್ಕು ವಾರದಲ್ಲಿ ಒಟ್ಟು 50 ಗಂಟೆಯ ಸಂಬಳ ಬಿಟ್ಟ. ಕೈಯಲ್ಲಿ 24 ಗಂಟೆ ರಜೆ ಉಳಿಯಿತು.

"ಎಲ್ಲವನ್ನೂ ಹಾಕಿಬಿಡು, ಇನ್ನೂ ಅಷ್ಟು ಸಂಬಳ ಬರ್ತದೆ" ಅಂದೆ.

"ಅಮ್ಮನಿಗೆ ಆಪರೇಷನ್ ವಿಷಯ ಹೇಳಿಲ್ಲ. ಡಿಸೆಂಬರಿಗೆ ಬರ್ತೇನೆ ಅಂದಿದ್ದೇನೆ. ಮೂರು ದಿನವಾದರೂ ಕೈಯಲ್ಲಿರಲಿ" ಅಂದ. ಅದರ ಮೇಲೆ ನಾನು ಮಾತಾಡಲಿಲ್ಲ.

ಆಕ್ಯುಪೇಷನಲ್ ಹೆಲ್ತ್ ವೈದ್ಯರು ಕರೆದು ನೋಡಿದರು. ಆಗಸ್ಟ್ 13ಕ್ಕೆ, ಅಂದರೆ ಒಂದು ದಿನ ತಡವಾಗಿ, ಒಪ್ಪಿಗೆ ಬಂತು. ಒಂದೇ ಬದಲಾವಣೆ: ಮೊದಲ ವಾರ ಯಾವಾಗಲೂ ಜೊತೆಗೆ ಒಬ್ಬರಿರುವ ಕೋಣೆಯಲ್ಲಿ ಕೂರಿಸುವುದು. ಜುಲೈಯಲ್ಲಿ ಬರಬೇಡ ಎಂದಿದ್ದ ಅದೇ ಮ್ಯಾನೇಜರ್ ಅವತ್ತು ಕುರ್ಚಿ ತಂದಿಟ್ಟರಂತೆ.

ನಾಲ್ಕು ವಾರ ಯೋಜನೆಯ ಪ್ರಕಾರವೇ ನಡೆಯಿತು. ಹನ್ನೆರಡನೇ ವಾರದ ತಪಾಸಣೆಯಲ್ಲಿ ಮೂಳೆ ಚೆನ್ನಾಗಿ ಕೂಡಿದೆ ಎಂದು ಭಾರದ ಮಿತಿ ಹತ್ತು ಕಿಲೋಗೆ ಏರಿತು. ಐದನೇ ವಾರ ಕೈಕೊಟ್ಟಿತು. ದಿನಕ್ಕೆ ಒಂದೇ ಗಂಟೆ ಹೆಚ್ಚಾದದ್ದು, ಆದರೆ ನಡುವಿನ ಬಿಡುವಿನ ದಿನ ಹೋಯಿತು. ಅದನ್ನು ನಾವಿಬ್ಬರೂ ಸರಿಯಾಗಿ ತೂಗಿರಲಿಲ್ಲ. ಬುಧವಾರದ ಹೊತ್ತಿಗೆ ಸಂಜೆ ಏಳಕ್ಕೇ ಮಲಗುತ್ತಿದ್ದ, ನಡುರಾತ್ರಿ ಎಚ್ಚರ, ಎದೆಯ ಸ್ನಾಯು ಬಿಗಿತ. ಗುರುವಾರ ಔಷಧಿ ಜೋಡಿಸುವಾಗ ಎರಡು ತಪ್ಪು, ಫಾರ್ಮಸಿಸ್ಟ್ ಹಿಡಿದರು, ಹೊರಗೆ ಹೋಗಲಿಲ್ಲ.

ಇಂಥ ಹೊತ್ತಿನಲ್ಲಿ ಯಾವುದು ಸಾಮಾನ್ಯ ಆಯಾಸ, ಯಾವುದು ಅಪಾಯ ಎಂದು ಗೊತ್ತಿರಬೇಕು. ರಾತ್ರಿ ನಿದ್ದೆ ಮಾಡಿದರೆ ಇಳಿಯುವ ದಣಿವು ಆಯಾಸ. ಎದೆಮೂಳೆಯಲ್ಲಿ ಟಕ್ ಎಂಬ ಸದ್ದು ಅಥವಾ ಅಲುಗಾಟ, ಗಾಯದಿಂದ ಕೀವು, ಜ್ವರ, ಎರಡು ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿ ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು, ಇವು ಗಂಟೆ ಕಡಿಮೆ ಮಾಡಿ ಸರಿಯಾಗುವಂಥವಲ್ಲ. ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಆಪರೇಷನ್‌ಗೆ ಮುಂಚಿನಂಥ ಎದೆನೋವು ಬಂದರೆ ಆಂಬುಲೆನ್ಸ್. ಅವನಿಗೆ ಇವು ಯಾವುದೂ ಇರಲಿಲ್ಲ. ರಿಹ್ಯಾಬ್ ನರ್ಸ್‌ಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡ.

ಆಗ ಕೆಲಸಕ್ಕೆ ಬಂದದ್ದು ಪತ್ರದ ಆ ಒಂದು ಸಾಲು, ಒಂದು ಹಂತ ಹಿಂದಕ್ಕೆ. ಅದು ಇರದಿದ್ದರೆ ಮತ್ತೆ ವೈದ್ಯಕೀಯ ರಜೆ, ಮತ್ತೆ ಮೊದಲಿಂದ ಕಾಗದಪತ್ರ. ಶುಕ್ರವಾರ ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಕೂತ. ಆರನೇ ವಾರ ಮತ್ತೆ 20 ಗಂಟೆ, ಗುರುವಾರ ಬಿಡುವು. ಏಳು ಮತ್ತು ಎಂಟನೇ ವಾರ 30 ಗಂಟೆ. ಸೆಪ್ಟೆಂಬರ್ 29ರ ಬದಲು ಅಕ್ಟೋಬರ್ 13ಕ್ಕೆ ಪೂರ್ಣ ಕೆಲಸ. ಇನ್ನೂ 25 ಗಂಟೆಯ ಸಂಬಳ ಹೋಯಿತು. ಡಿಸೆಂಬರಿನ ರಜೆ ಮುಟ್ಟಲಿಲ್ಲ.

ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಗಲ್ಫಿನಲ್ಲಿ ಕಾನೂನು ಕೊಡುವುದು ರಜೆಯ ದಿನಗಳನ್ನು. ಯುಎಇಯಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಅನಾರೋಗ್ಯ ರಜೆ: ಮೊದಲ 15 ದಿನ ಪೂರ್ತಿ ಸಂಬಳ, ನಂತರದ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. ಸೌದಿಯಲ್ಲಿ 30 ದಿನ ಪೂರ್ತಿ, 60 ದಿನ ಮುಕ್ಕಾಲು, 30 ದಿನ ಇಲ್ಲ. ಯುಎಇಯಲ್ಲಿ 90 ದಿನ ಮುಗಿದರೂ ಕೆಲಸಕ್ಕೆ ಬರಲಾಗದಿದ್ದರೆ ಬಾಕಿ ಎಲ್ಲ ಕೊಟ್ಟು ಕೆಲಸದಿಂದ ಬಿಡಿಸಬಹುದು. ಹಂತ ಹಂತವಾಗಿ ಮರಳುವುದನ್ನು ಹಕ್ಕೆಂದು ಕೇಳಲು ಕಿಲಾರ್ನಿಯ ತೀರ್ಪಿನಂಥದ್ದು ಇಲ್ಲಿ ಬೆನ್ನಿಗಿಲ್ಲ. ಆದರೆ ಮ್ಯಾನೇಜರ್ ಒಪ್ಪಿದರೆ ಬೇಡ ಎನ್ನುವವರೂ ಇಲ್ಲ.

ಹಾಗಾಗಿ ಇಲ್ಲಿ ದಿನದ ಎಣಿಕೆ ಮುಖ್ಯ. ಬೈಪಾಸ್ ಆದವನು ಎಂಬತ್ತೈದನೇ ದಿನ ಪತ್ರ ಬರೆದರೆ ಕಂಪನಿಯ ಮುಂದೆ ಒಂದೇ ಪ್ರಶ್ನೆ ಇರುತ್ತದೆ, ಪೂರ್ತಿ ಬರುತ್ತೀಯೋ ಇಲ್ಲವೋ. ಅರವತ್ತನೇ ದಿನದ ಸುಮಾರಿಗೆ ಕೊಟ್ಟರೆ ಮಾತಾಡಲು ಒಂದು ತಿಂಗಳು ಇರುತ್ತದೆ. ಕೊರತೆಯ ಗಂಟೆಗಳನ್ನು ವಾರ್ಷಿಕ ರಜೆಯಲ್ಲಿ ಕಳೆಯಿರಿ ಎಂದು ಪತ್ರದಲ್ಲೇ ಬರೆದರೆ ಅಕೌಂಟ್ಸ್ ವಿಭಾಗದ ಅಡ್ಡಿ ಅರ್ಧ ಕಡಿಮೆ. ಬಾಯಿಮಾತಿನ ಒಪ್ಪಿಗೆ ಸಾಲದು. ಫೋರ್‌ಮನ್ ಬದಲಾದರೆ ಅವನ ಮಾತೂ ಅವನ ಜೊತೆ ಹೋಗುತ್ತದೆ. ಇಮೇಲಿನಲ್ಲಿ ಒಂದು ಸಾಲು ಉತ್ತರ ತರಿಸಿಕೊಳ್ಳಿ.

ಎರಡು ವರ್ಷದ ಹಿಂದೆ ನಮ್ಮ ಕೌಂಟರಿಗೆ ಕುಂದಾಪುರದ ಕಡೆಯ ಒಬ್ಬರು ಬರುತ್ತಿದ್ದರು, ಗೋದಾಮಿನ ಕೆಲಸ. ಹೊಟ್ಟೆಯ ಹರ್ನಿಯಾ ಆಪರೇಷನ್ ಆಗಿ ನಾಲ್ಕನೇ ವಾರಕ್ಕೆ ಪೂರ್ತಿ ಶಿಫ್ಟಿಗೆ ಹೋದರು. ಕೇಳಿದರೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆ. ನೋವಿನ ಮಾತ್ರೆಗೆ ವಾರಕ್ಕೆರಡು ಸಲ ಬರತೊಡಗಿದಾಗ ನಾನು ಕೇಳಬೇಕಿತ್ತು. ಕೇಳಿದ್ದು ತಡವಾಗಿ. ಅಷ್ಟರಲ್ಲಿ ಹೊಲಿಗೆಯ ಜಾಗ ಮತ್ತೆ ಉಬ್ಬಿತ್ತು, ಎರಡನೇ ಆಪರೇಷನ್‌ಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಗೋದಾಮಿನಲ್ಲಿ ಬಾರ್‌ಕೋಡ್ ಹೊಡೆಯುವ ಕೆಲಸವೂ ಇತ್ತು, ಕೂತು ಮಾಡುವಂಥದ್ದು. ಯಾರೂ ಪಟ್ಟಿ ಮಾಡಿರಲಿಲ್ಲ.

ಈಗ ನನ್ನ ಡ್ರಾಯರಿನಲ್ಲಿ ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಆಪರೇಷನ್ ಮುಗಿಸಿ ಔಷಧಿಗೆ ಬರುವ ನಮ್ಮವರಿಗೆ ಅದರ ಹಿಂದುಗಡೆ ಅವರ ದಿನದ ಕೆಲಸಗಳನ್ನು, ಎತ್ತುವ ಭಾರವನ್ನು, ನಿಲ್ಲುವ ಗಂಟೆಯನ್ನು ಬರೆಸುತ್ತೇನೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ ಎನ್ನುತ್ತೇನೆ. ಕನ್ನಡದಲ್ಲಿ ಬರೆದರೂ ಆಗುತ್ತದೆ, ಇಂಗ್ಲಿಷಿಗೆ ನಾನು ಮಾಡಿಕೊಡುತ್ತೇನೆ. ಗೆಳೆಯ ಡಿಸೆಂಬರಿನಲ್ಲಿ ಊರಿಗೆ ಹೋಗಿ ಬಂದ. ಅಮ್ಮನಿಗೆ ಎದೆಯ ಗೆರೆ ಸ್ನಾನದ ಹೊತ್ತಿನಲ್ಲಿ ಕಂಡೇ ಕಂಡಿತಂತೆ.